ಬೆಟ್ಟದ ತಪ್ಪಲಿನ ಜಮೀನು ಯಾವ ವರ್ಗದ್ದು? ಅಳೆದು ತಿಳಿಯುವ ಕ್ರಮ

ಜಮೀನಿನ ಸಾಮರ್ಥ್ಯ ವರ್ಗ ಕಟ್ಟುವುದು ಹೇಗೆ ಅಂತ ಒಮ್ಮೆ ಹೇಳಿಕೊಟ್ಟ ಮೇಲೆ ಹಲವರು ತಮ್ಮ ಲೆಕ್ಕ ತಂದು ತೋರಿಸಿದರು. ಬಹುತೇಕ ಎಲ್ಲದರಲ್ಲೂ ಒಂದೇ ತಪ್ಪು. ಇಡೀ ಜಮೀನಿಗೆ ಒಂದು ಇಳಿಜಾರು, ಒಂದು ಆಳ, ಕೊನೆಗೆ ಒಂದು ವರ್ಗ. ಬಯಲಿನ ಗದ್ದೆಗೆ ಇದು ನಡೆದೀತು. ಮೇಲುಕೋಟೆ, ನಾಗಮಂಗಲದ ಕಡೆಯ ಗುಡ್ಡದ ಹೊಲಕ್ಕೆ ನಡೆಯುವುದಿಲ್ಲ. ಅಲ್ಲಿ ನೂರು ಹೆಜ್ಜೆ ಇಳಿಯುವಷ್ಟರಲ್ಲಿ ಬಂಡೆ, ಗರಸು, ಕೆಂಪು ಮಣ್ಣು, ಜೌಗು ಎಲ್ಲವೂ ಸಿಕ್ಕಿಬಿಡುತ್ತವೆ. ಅದಕ್ಕೇ ಈ ಸಲ ಕೆಲಸದ ಕ್ರಮವನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಉದಾಹರಣೆಗೆ ಮೇಲುಕೋಟೆ ಬೆಟ್ಟದ ತಪ್ಪಲಿನಲ್ಲಿ ನಾವೇ ಅಳೆದ 2 ಎಕರೆ 10 ಗುಂಟೆಯ ಹೊಲವನ್ನು ತೆಗೆದುಕೊಂಡಿದ್ದೇನೆ.

ಮೊದಲೇ ಎರಡು ಗೊಂದಲ ಬಿಡಿಸಿಬಿಡೋಣ. ಪಹಣಿಯಲ್ಲಿ ಇರುವ ಖುಷ್ಕಿ, ತರಿ, ಬಾಗಾಯ್ತು ಸಾಮರ್ಥ್ಯ ವರ್ಗ ಅಲ್ಲ. ಅದು ಕಂದಾಯದ ಲೆಕ್ಕ. ಮಣ್ಣು ಪರೀಕ್ಷೆಯ ಚೀಟಿಯೂ ಅಲ್ಲ. ಅದು ಮಣ್ಣಿನಲ್ಲಿ ಸಾರ ಎಷ್ಟಿದೆ ಅಂತ ಹೇಳುತ್ತದೆ. ಸಾರ ಕಡಿಮೆಯಿದ್ದರೆ ಗೊಬ್ಬರ ಹಾಕಬಹುದು. ಇಳಿಜಾರು, ಆಳ ಗೊಬ್ಬರಕ್ಕೆ ಬದಲಾಗುವುದಿಲ್ಲ. ಸಾಮರ್ಥ್ಯ ವರ್ಗ ಹೇಳುವುದು ಇಷ್ಟು: ಈ ನೆಲವನ್ನು ವರ್ಷವರ್ಷವೂ ಉತ್ತರೆ ಅದು ಉಳಿಯುತ್ತದಾ, ಉಳಿಸಲು ಎಷ್ಟು ಕಟ್ಟುಪಾಡು ಬೇಕು. 1ರಿಂದ 4ನೇ ವರ್ಗದವರೆಗೆ ಉಳುಮೆ ಮಾಡಬಹುದು, ಅಂಕಿ ಏರಿದಂತೆ ಎಚ್ಚರ ಜಾಸ್ತಿ ಬೇಕು. 5ರಿಂದ 8ರವರೆಗೆ ಹುಲ್ಲು, ಮರ, ಕಾಡು.

## ಬೇಕಾದ ಸಾಮಾನು

ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಪೈಪು, ಸುಮಾರು 14 ಮೀಟರ್. 2 ಮೀಟರ್ ಉದ್ದದ ಎರಡು ನೆಟ್ಟನೆಯ ಕೋಲು, ಅವುಗಳ ಮೇಲೆ ಸೆಂಟಿಮೀಟರ್ ಗುರುತು. ಅಳತೆ ಟೇಪು, ಹಾರೆ, ಪಿಕಾಸಿ, ಸನಿಕೆ, ಒಂದು ಬಕೆಟ್, ನಾಲ್ಕೈದು ಬಿಂದಿಗೆ ನೀರು. ಗಡಿ ಗುರುತು ಹಾಕಲು ಸುಣ್ಣದ ಪುಡಿ. ಜಮೀನಿನ ಸರ್ವೆ ನಕ್ಷೆಯ ಜೆರಾಕ್ಸ್ ಎರಡು ಪ್ರತಿ, ಪೆನ್ಸಿಲ್. ಜೊತೆಗೆ ಇನ್ನೊಬ್ಬರು ಬೇಕೇ ಬೇಕು. ಪೈಪಿನ ಎರಡು ತುದಿಯನ್ನು ಒಬ್ಬರೇ ಹಿಡಿಯಲು ಆಗುವುದಿಲ್ಲ.

ನಮ್ಮ ಕಡೆ ಮೇ ತಿಂಗಳಲ್ಲಿ ಒಂದು ಮಳೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ದೊಡ್ಡ ಮಳೆ. ಈ ಎರಡನೆಯದು ಮುಗಿದು ಒಂದೆರಡು ವಾರ ಕಳೆದಾಗ ಅಳೆಯಿರಿ. ಆಗ ನೀರು ಎಲ್ಲಿ ನಿಂತಿತ್ತು, ಎಲ್ಲಿ ಕೊರೆಯಿತು ಎಲ್ಲ ಕಣ್ಣಿಗೆ ಕಾಣುತ್ತದೆ. ಗುಂಡಿ ತೋಡಲೂ ಮಣ್ಣು ಹದವಾಗಿರುತ್ತದೆ. ಏಪ್ರಿಲ್‌ನಲ್ಲಿ ಅಳೆದರೆ ಜೌಗು ಜಾಗವೂ ಒಣಗಿ ಒಳ್ಳೆ ಹೊಲದ ಹಾಗೆ ಕಾಣುತ್ತದೆ.

## ಹಂತ 1: ಅಳೆಯುವ ಮೊದಲು ತುಂಡು ಮಾಡಿ

ಮೊದಲ ದಿನ ಪೈಪು ಮುಟ್ಟಬೇಡಿ. ಜಮೀನಿನ ನೆತ್ತಿಯಿಂದ ಬುಡದವರೆಗೆ ನೀರು ಹರಿಯುವ ದಾರಿಯಲ್ಲೇ ಮೂರು ಸಲ ನಡೆಯಿರಿ. ಎಡ ಅಂಚಿನಲ್ಲಿ ಒಮ್ಮೆ, ನಡುವೆ ಒಮ್ಮೆ, ಬಲ ಅಂಚಿನಲ್ಲಿ ಒಮ್ಮೆ. ಇಳಿಜಾರು ಮುರಿಯುವ ಜಾಗ, ಮಣ್ಣಿನ ಬಣ್ಣ ಬದಲಾಗುವ ಜಾಗ, ಕಲ್ಲು ಜಾಸ್ತಿಯಾಗುವ ಜಾಗ, ಬೆಳೆ ಇದ್ದಕ್ಕಿದ್ದಂತೆ ಗಿಡ್ಡವಾಗುವ ಜಾಗ, ಇಲ್ಲೆಲ್ಲ ಸುಣ್ಣ ಚೆಲ್ಲಿ. ನಕ್ಷೆಯಲ್ಲಿ ಗೆರೆ ಎಳೆಯಿರಿ.

ನಾವು ಅಳೆದ ಹೊಲ ಸುಮಾರು 150 ಮೀಟರ್ ಉದ್ದ, 60 ಮೀಟರ್ ಅಗಲ. ನಡೆದ ಮೇಲೆ ನಾಲ್ಕು ತುಂಡು ಸಿಕ್ಕವು. ನೆತ್ತಿಯಲ್ಲಿ ಕಲ್ಲು ಎದ್ದ 18 ಗುಂಟೆ. ಅದರ ಕೆಳಗೆ ಹುರುಳಿ ಹಾಕುತ್ತಿದ್ದ 34 ಗುಂಟೆ. ಆಮೇಲೆ ರಾಗಿ ಬೆಳೆಯುವ 26 ಗುಂಟೆ. ಬುಡದಲ್ಲಿ ತಗ್ಗಾದ 12 ಗುಂಟೆ.

ಹೊಲದ ಯಜಮಾನರು ಮೊದಲು ತಾವೇ ಒಂದು ಲೆಕ್ಕ ಮಾಡಿದ್ದರು. ನೆತ್ತಿಯಿಂದ ಬುಡಕ್ಕೆ ಒಟ್ಟು ಇಳಿತ 14 ಮೀಟರ್ ಚಿಲ್ಲರೆ, ಉದ್ದ 150 ಮೀಟರ್. ಹಾಗಾಗಿ ಶೇಕಡಾ 9.5 ಇಳಿಜಾರು, 4ನೇ ವರ್ಗ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಶೇಕಡಾ 9.5 ಇಳಿಜಾರು ಆ ಹೊಲದ ಯಾವ ತುಂಡಿನಲ್ಲೂ ಇಲ್ಲ. ಮುಂದೆ ನೋಡಿ.

ತೀರಾ ಚಿಕ್ಕ ತುಂಡು ಮಾಡಲೂ ಹೋಗಬೇಡಿ. ನಾಲ್ಕೈದು ಗುಂಟೆಗಿಂತ ಕಡಿಮೆಯಿದ್ದರೆ ಅದನ್ನು ಬೇರೆಯಾಗಿ ಉಳಲು ಆಗುವುದಿಲ್ಲ. ಪಕ್ಕದ ತುಂಡಿಗೆ ಸೇರಿಸಿ, ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಕೊರಕಲು ಮತ್ತು ಒರತೆ ಮಾತ್ರ ಎಷ್ಟೇ ಚಿಕ್ಕದಿದ್ದರೂ ಗುರುತಾಗಬೇಕು.

## ಹಂತ 2: ಇಳಿಜಾರು

ಪ್ರತಿ ತುಂಡಿನಲ್ಲೂ ಮೂರು ಕಡೆ ಅಳೆಯಿರಿ. ಪೈಪಿಗೆ ನೀರು ತುಂಬಿ ಗಾಳಿಗುಳ್ಳೆ ಪೂರ್ತಿ ಹೋಗುವವರೆಗೆ ಕಾಯಿರಿ. ಎರಡು ತುದಿಯನ್ನೂ ಒಂದೇ ಕಡೆ ಜೋಡಿಸಿ ಹಿಡಿದಾಗ ನೀರು ಸಮಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ಒಳಗೆ ಗುಳ್ಳೆ ಇದೆ ಅಂತಲೇ ಅರ್ಥ.

ಒಬ್ಬರು ಮೇಲೆ, ಇನ್ನೊಬ್ಬರು 10 ಮೀಟರ್ ಕೆಳಗೆ ಕೋಲು ನಿಲ್ಲಿಸಿ. ಪೈಪಿನ ತುದಿಗಳನ್ನು ಕೋಲಿಗೆ ಹಿಡಿದು, ನೀರಿನ ಮಟ್ಟ ಕೋಲಿನ ಯಾವ ಗುರುತಿಗೆ ಬಂತು ಓದಿ. ಎರಡು ಓದಿನ ವ್ಯತ್ಯಾಸವೇ ಇಳಿತ.

ಇಳಿಜಾರು ಶೇಕಡಾ = (ಇಳಿತ ÷ ದೂರ) × 100

ಹುರುಳಿ ತುಂಡಿನಲ್ಲಿ ಮೇಲಿನ ಕೋಲಿನ ಓದು 62, ಕೆಳಗಿನದು 142 ಸೆಂಟಿಮೀಟರ್. ಇಳಿತ 80 ಸೆಂಟಿಮೀಟರ್, ದೂರ 1000 ಸೆಂಟಿಮೀಟರ್. ಹಾಗಾಗಿ ಶೇಕಡಾ 8. ನೆತ್ತಿಯ ತುಂಡಿನಲ್ಲಿ 10 ಮೀಟರಿಗೆ ಕೋಲೇ ಸಾಲಲಿಲ್ಲ. ಕೆಳಗಿನ ಕೋಲಿನ ತುದಿಗಿಂತ ಮೇಲೆ ನೀರು ನಿಲ್ಲಬೇಕಾಗುತ್ತಿತ್ತು. ಅಂಥ ಕಡೆ ದೂರವನ್ನು 5 ಮೀಟರಿಗೆ ಇಳಿಸಿ. ನಮಗೆ 5 ಮೀಟರಿಗೆ 140 ಸೆಂಟಿಮೀಟರ್ ಇಳಿತ ಬಂತು, ಶೇಕಡಾ 28. ಇಷ್ಟು ಕಡಿದಾದ ಕಡೆ ಟೇಪನ್ನು ನೆಲದ ಮೇಲೆ ಹಾಸದೆ ಅಡ್ಡಕ್ಕೆ ಮಟ್ಟವಾಗಿ ಎಳೆದು ಹಿಡಿಯಿರಿ. ರಾಗಿ ತುಂಡು ಶೇಕಡಾ 2.5, ತಗ್ಗಿನ ತುಂಡು ಶೇಕಡಾ 1.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಮೊದಲನೆಯದು, ಕಾಲುದಾರಿಯ ಗುಂಟ ಅಳೆಯುವುದು. ಕಾಲುದಾರಿ ಓರೆಯಾಗಿ ಹೋಗುತ್ತದೆ, ಇಳಿಜಾರು ಕಡಿಮೆ ಬರುತ್ತದೆ. ಒಂದು ತಂಬಿಗೆ ನೀರು ಚೆಲ್ಲಿ. ಅದು ಹರಿದ ದಿಕ್ಕೇ ಅಳೆಯುವ ದಿಕ್ಕು.

ಎರಡನೆಯದು ಫೋನಿನ ತಪ್ಪು. ಫೋನಿನಲ್ಲಿ ಇಳಿಜಾರು ತೋರಿಸುವ ಆಪ್‌ಗಳು ಸಾಮಾನ್ಯವಾಗಿ ಡಿಗ್ರಿ ಕೊಡುತ್ತವೆ, ನಮಗೆ ಬೇಕಾದದ್ದು ಶೇಕಡಾ. ಎರಡೂ ಒಂದೇ ಅಲ್ಲ. ಶೇಕಡಾ 8 ಅಂದರೆ 4.6 ಡಿಗ್ರಿ. 4.6 ಅನ್ನೇ ಶೇಕಡಾ ಅಂದುಕೊಂಡರೆ ಹುರುಳಿ ತುಂಡು 4ನೇ ವರ್ಗದಿಂದ 3ಕ್ಕೆ ಜಿಗಿಯುತ್ತದೆ. ಶೇಕಡಾ 28 ಅಂದರೆ 15.6 ಡಿಗ್ರಿ. ಅಲ್ಲೂ ಒಂದು ವರ್ಗ ತಪ್ಪುತ್ತದೆ. ಆಪ್‌ನಲ್ಲಿ ಶೇಕಡಾ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ ಪೈಪನ್ನೇ ನಂಬಿ.

ಮೂರನೆಯದು, ಬದು ದಾಟಿ ಅಳೆಯುವುದು. ಬದುವಿನ ಆಚೆ ಒಂದು ಕೋಲು, ಈಚೆ ಒಂದು ಕೋಲು ಇಟ್ಟರೆ ಬದುವಿನ ಇಳಿತವೂ ಲೆಕ್ಕಕ್ಕೆ ಸೇರುತ್ತದೆ. ಎರಡು ಬದುಗಳ ನಡುವಿನ, ಉಳುಮೆ ಆಗುವ ನೆಲದಲ್ಲೇ ಅಳೆಯಿರಿ.

## ಹಂತ 3: ಮಣ್ಣಿನ ಆಳ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಗುಂಡಿ ತೋಡುವುದು ಕಷ್ಟದ ಕೆಲಸ. ಹಾಗಾಗಿ ಮಣ್ಣು ಮೆತ್ತಗಿರುವ ಕಡೆ ಒಂದು ಗುಂಡಿ ತೋಡಿ ಸಾಕು ಅಂದುಬಿಡುತ್ತಾರೆ. ಮೆತ್ತಗಿರುವ ಜಾಗ ಯಾವುದು? ಬದುವಿನ ಮೇಲ್ಬದಿ. ಮೇಲಿನಿಂದ ಕೊಚ್ಚಿ ಬಂದ ಮಣ್ಣು ವರ್ಷಗಟ್ಟಲೆ ಅಲ್ಲಿ ಕೂತಿರುತ್ತದೆ. ಹುರುಳಿ ತುಂಡಿನಲ್ಲಿ ಯಜಮಾನರು ಮೊದಲು ತೋಡಿದ ಗುಂಡಿ ಹೀಗೇ ಬದುವಿಗೆ ಒತ್ತಿಕೊಂಡಿತ್ತು. ಆಳ 70 ಸೆಂಟಿಮೀಟರ್. "ನಮ್ಮದು ಒಳ್ಳೆ ಆಳದ ಮಣ್ಣು ಕಣಪ್ಪ" ಅಂದರು. ಎರಡು ಬದುಗಳ ನಟ್ಟನಡುವೆ ತೋಡಿಸಿದೆವು. 38 ಸೆಂಟಿಮೀಟರಿಗೇ ಗಟ್ಟಿ ಸಿಕ್ಕಿತು. ಇನ್ನೊಂದು ಕಡೆ 42.

ನಿಯಮ ಇಷ್ಟೇ. ಪ್ರತಿ ತುಂಡಿಗೆ ಕನಿಷ್ಠ ಎರಡು ಗುಂಡಿ, ಎರಡೂ ಬದುಗಳ ನಡುವೆ. ಬದುವಿನ ಕೆಳಬದಿಯಲ್ಲೂ ತೋಡಬೇಡಿ, ಅಲ್ಲಿ ಕೊರೆದು ಆಳ ಕಡಿಮೆ ಬರುತ್ತದೆ. ಗುಂಡಿ 60 ಸೆಂಟಿಮೀಟರ್ ಚೌಕ, ಆಳ 1 ಮೀಟರ್ ಅಥವಾ ಗಟ್ಟಿ ಸಿಗುವವರೆಗೆ. ಒಂದು ಗೋಡೆಗೆ ಬಿಸಿಲು ಬೀಳುವಂತಿರಲಿ. ಆ ಗೋಡೆಯನ್ನು ಸನಿಕೆಯಿಂದ ಹೆರೆದು ನೋಡಿ.

ಆಳ ಅಂದರೆ ಬೇರು ಇಳಿಯುವ ಆಳ. ಹಾರೆ ಇಳಿಯುವ ಆಳ ಅಲ್ಲ. ನಮ್ಮ ಕಡೆ ಕೆಂಪು ಮಣ್ಣಿನ ಕೆಳಗೆ ಕಲ್ಲು ಕೊಳೆತು ಪುಡಿಯಾದ ಪದರ ಸಿಗುತ್ತದೆ. ಹಾರೆ ಹಾಕಿದರೆ ಅದು ಸುಲಿದು ಬರುತ್ತದೆ. ರಾಗಿ ಬೇರು ಅದರೊಳಗೆ ಇಳಿಯಲು ಒಪ್ಪುವುದಿಲ್ಲ. ಗೋಡೆಯಲ್ಲಿ ಬೇರುಗಳನ್ನು ಹುಡುಕಿ. ಸಣ್ಣ ಬೇರುಗಳು ಒಟ್ಟಿಗೇ ಅಡ್ಡಕ್ಕೆ ತಿರುಗಿದ ಜಾಗ ಇದ್ದರೆ, ನಿಮ್ಮ ಮಣ್ಣಿನ ಆಳ ಅಲ್ಲಿಗೆ ಮುಗಿಯಿತು.

ಗುಂಡಿಯಲ್ಲಿ 30 ಸೆಂಟಿಮೀಟರಿಗೆ ಕಲ್ಲು ಸಿಕ್ಕಿತು ಅಂತ ತಕ್ಷಣ ಬರೆದುಕೊಳ್ಳಬೇಡಿ. ಅದು ಬಿಡಿ ಗುಂಡುಕಲ್ಲೂ ಇರಬಹುದು. ನಾಲ್ಕೈದು ಮೀಟರ್ ಆಚೆ ಇನ್ನೊಂದು ಗುಂಡಿ ತೋಡಿ. ಅಲ್ಲೂ ಅದೇ ಆಳಕ್ಕೆ ಸಿಕ್ಕರೆ ಮಾತ್ರ ಅದು ಹಾಸುಗಲ್ಲು.

ಗರಸನ್ನೂ ಅಳೆಯಬೇಕು. ಒಂದು ಡಬ್ಬಿ ಹಿಡಿದು 10 ಅಳತೆ ಮಣ್ಣು ತೆಗೆದುಕೊಂಡು 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಆಡಿಸಿ. ಹೆಂಟೆಗಳನ್ನು ಮೊದಲೇ ಕೈಯಲ್ಲಿ ಪುಡಿ ಮಾಡಿಕೊಳ್ಳಿ. ಜರಡಿಯ ಮೇಲೆ ಉಳಿದ ಕಲ್ಲು ಎಷ್ಟು ಅಳತೆ ಅಂತ ನೋಡಿ. ಹುರುಳಿ ತುಂಡಿನಲ್ಲಿ 3 ಅಳತೆ ಉಳಿಯಿತು. ಮೂರೂವರೆ ದಾಟಿದರೆ ನಾನು ಆ ತುಂಡಿನ ಆಳವನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿ ಲೆಕ್ಕ ಹಾಕುತ್ತೇನೆ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಕಾಣುವಷ್ಟು ಆಳ ಬೆಳೆಗೆ ಒದಗುವುದಿಲ್ಲ.

ನೆತ್ತಿಯ ತುಂಡಿನಲ್ಲಿ ಆಳ 14 ಸೆಂಟಿಮೀಟರ್, ರಾಗಿ ತುಂಡಿನಲ್ಲಿ 80. ತಗ್ಗಿನಲ್ಲಿ 1 ಮೀಟರ್ ದಾಟಿದರೂ ಗಟ್ಟಿ ಸಿಗಲಿಲ್ಲ.

## ಹಂತ 4: ಬಸಿಯುವಿಕೆ

ಗುಂಡಿಯ ಗೋಡೆಯೇ ಅರ್ಧ ಉತ್ತರ ಹೇಳುತ್ತದೆ. ಮೇಲಿಂದ ಕೆಳಗೆ ಒಂದೇ ಸಮ ಕೆಂಪಿದ್ದರೆ ನೀರು ಚೆನ್ನಾಗಿ ಬಸಿಯುತ್ತದೆ. ಬೂದು ಬಣ್ಣ ಬಂದು ಅದರಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳಿದ್ದರೆ, ವರ್ಷದಲ್ಲಿ ಬಹಳ ದಿನ ಅಲ್ಲಿ ನೀರು ನಿಂತು ಗಾಳಿ ಆಡುವುದಿಲ್ಲ ಎಂದರ್ಥ. ಆ ಚುಕ್ಕೆಗಳು ಎಷ್ಟು ಆಳದಿಂದ ಶುರುವಾಗುತ್ತವೆ ಅಂತ ಬರೆದುಕೊಳ್ಳಿ. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೂ ಈ ಬಣ್ಣ ಹೋಗುವುದಿಲ್ಲ.

ಉಳಿದರ್ಧಕ್ಕೆ ನೀರಿನ ಪರೀಕ್ಷೆ. 30 ಸೆಂಟಿಮೀಟರ್ ಆಳದ ಚಿಕ್ಕ ಗುಂಡಿ ತೋಡಿ ನೀರು ತುಂಬಿ. ಅದು ಇಂಗಲಿ. ಮತ್ತೆ ತುಂಬಿ, ಈಗ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಮೊದಲ ಸಲದ ಅಳತೆ ಬೇಡ, ಒಣ ಮಣ್ಣು ಸುಮ್ನೆ ಹೀರಿಕೊಳ್ಳುತ್ತದೆ. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಬಸಿಯುವಿಕೆ ನಿಧಾನ.

ತಗ್ಗಿನ ತುಂಡಿನಲ್ಲಿ ಬೂದು ಬಣ್ಣ 35 ಸೆಂಟಿಮೀಟರಿನಿಂದಲೇ ಶುರುವಾಗಿತ್ತು. ನೀರು ಗಂಟೆಗೆ 1 ಸೆಂಟಿಮೀಟರ್ ಮಾತ್ರ ಇಳಿಯಿತು. ಅಕ್ಟೋಬರ್ ಮಳೆಯ ನಂತರ ಅಲ್ಲಿ ವಾರಕ್ಕೂ ಮೀರಿ ಕಾಲು ಹೂಳುತ್ತದೆ ಅಂತ ಮನೆಯವರೂ ಹೇಳಿದರು. ಇಳಿಜಾರು, ಆಳ ಮಾತ್ರ ನೋಡಿದರೆ ಇಡೀ ಹೊಲದಲ್ಲಿ ಅದೇ ಬಂಗಾರದ ತುಂಡು ಅನಿಸುತ್ತದೆ ಅಲ್ವಾ? ಯಜಮಾನರು ತೆಂಗಿನ ಸಸಿ ಇಟ್ಟದ್ದೂ ಅಲ್ಲೇ. ಸಸಿಗಳು ಹಳದಿಯಾಗಿ ನಿಂತಿದ್ದವು, ಅವರು ಗೊಬ್ಬರ ಸಾಲದು ಅಂದುಕೊಂಡಿದ್ದರು.

ಜೌಗು ಸಿಕ್ಕರೆ ಇನ್ನೊಂದು ಅಳತೆ ಬೇಕು. ಆ ನೀರನ್ನು ಹೊರಗೆ ಬಿಡಲು ಸಾಧ್ಯವಾ? ಅದೇ ಪೈಪಿನಲ್ಲಿ ತಗ್ಗಿನ ನೆಲಕ್ಕೂ ಪಕ್ಕದ ಹಳ್ಳದ ತಳಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಹಳ್ಳ 70 ಸೆಂಟಿಮೀಟರ್ ಕೆಳಗಿತ್ತು. ಅಂದರೆ ಬಸಿಗಾಲುವೆ ತೆಗೆದರೆ ನೀರು ಹೋಗುತ್ತದೆ. ಇಂಥದ್ದನ್ನು 3ನೇ ವರ್ಗದಲ್ಲಿ ಇಡಬಹುದು. ಹಳ್ಳವೇ ಮೇಲಿದ್ದು ನೀರಿಗೆ ದಾರಿ ಇಲ್ಲದಿದ್ದರೆ ಅದು 5ನೇ ವರ್ಗ. ಅಲ್ಲಿ ಹುಲ್ಲೇ ಸರಿ.

## ಹಂತ 5: ಈಗಾಗಲೇ ಎಷ್ಟು ಕೊಚ್ಚಿ ಹೋಗಿದೆ

ಸವಕಳಿಯನ್ನು ಕಣ್ಣಂದಾಜಿನಲ್ಲಿ ಜಾಸ್ತಿ, ಕಡಿಮೆ ಅಂತ ಬರೆದರೆ ಪ್ರಯೋಜನವಿಲ್ಲ. ಹೋಲಿಸಲು ಒಂದು ಹಳೆಯ ನೆಲ ಬೇಕು. ಬಹಳ ವರ್ಷದಿಂದ ಉಳದೆ ಬಿಟ್ಟ ಜಾಗ ಹುಡುಕಿ. ಹಳೆ ಬೇಲಿಯ ಬುಡ, ದೊಡ್ಡ ಮರದ ಕೆಳಗಿನ ಗರಿಕೆ ಹಾಸು, ದೇವರ ಬನದ ಅಂಚು. ಅದೂ ಅದೇ ಇಳಿಜಾರಿನಲ್ಲಿರಬೇಕು, ಮಣ್ಣು ಬಂದು ಕೂತ ಜಾಗ ಆಗಬಾರದು. ಅಲ್ಲಿ ಮೇಲ್ಮಣ್ಣು ಎಷ್ಟು ದಪ್ಪ ಅಂತ ಅಳೆಯಿರಿ. ಮೇಲ್ಮಣ್ಣು ಸ್ವಲ್ಪ ಕಪ್ಪಗೆ, ಬೇರು ತುಂಬಿ ಪುಡಿಪುಡಿಯಾಗಿರುತ್ತದೆ. ಕೆಳಗಿನದು ಕೆಂಪಾಗಿ ಗಟ್ಟಿ.

ನಮಗೆ ಹುರುಳಿ ತುಂಡಿನ ಬೇಲಿ ಬುಡದಲ್ಲಿ 18 ಸೆಂಟಿಮೀಟರ್, ಹೊಲದ ನಡುವೆ 8 ಸೆಂಟಿಮೀಟರ್ ಸಿಕ್ಕಿತು. 10 ಸೆಂಟಿಮೀಟರ್ ಹೋಗಿದೆ. 18ರಲ್ಲಿ 10 ಅಂದರೆ ಶೇಕಡಾ 55ರ ಸುಮಾರು. ಕಾಲು ಭಾಗಕ್ಕಿಂತ ಕಡಿಮೆ ಹೋಗಿದ್ದರೆ ಅಲ್ಪ, ಕಾಲಿನಿಂದ ಮುಕ್ಕಾಲಿನವರೆಗೆ ಮಧ್ಯಮ, ಮುಕ್ಕಾಲು ದಾಟಿದರೆ ತೀವ್ರ. ಕೊರಕಲುಗಳೇ ಹರಡಿಕೊಂಡಿದ್ದರೆ ಅತಿ ತೀವ್ರ. ಇದು ಮಧ್ಯಮ.

ಉಳುಮೆ ಸವಕಳಿಯನ್ನು ಮುಚ್ಚಿಡುತ್ತದೆ. ಮಳೆಗೆ ಬಿದ್ದ ಬೆರಳು ಗಾತ್ರದ ಗೀರುಗಳು ಒಂದು ಸಾಲು ನೇಗಿಲು ಹೊಡೆದರೆ ಮಾಯ. ಹಾಗಾಗಿ ಗೀರು ಕಾಣಲಿಲ್ಲ ಅಂತ ಸವಕಳಿ ಇಲ್ಲ ಎನ್ನಬೇಡಿ. ಅಳಿಸಲಾಗದ ಗುರುತು ನೋಡಿ. ಮರದ ಬೇರು ಮೇಲೆದ್ದಿದೆಯಾ? ಕಲ್ಲುಚೂರುಗಳು ಮಣ್ಣಿನ ಸಣ್ಣ ಕಂಬದ ಮೇಲೆ ಕೂತಿವೆಯಾ? ಮೇಲೆಲ್ಲ ಗರಸು ಹಾಸಿ ಒಳಗೆ ಮಣ್ಣಿದೆಯಾ? ಬದುವಿನ ಮೇಲ್ಬದಿ, ಕೆಳಬದಿಯ ನೆಲದ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಇದೆ? ಎತ್ತು ಅಥವಾ ಟಿಲ್ಲರ್ ದಾಟಲಾಗದ ಕೊರಕಲು ಒಂದೇ ಒಂದು ಇದ್ದರೂ ಅದನ್ನು ಬೇರೆಯಾಗಿ ಗುರುತಿಸಿ. ಅದು ಮುಂದಿನ ಮಳೆಗೆ ಮೇಲಕ್ಕೆ ತಿನ್ನುತ್ತಾ ಹೋಗುತ್ತದೆ.

ನೆತ್ತಿಯ ತುಂಡಿನಲ್ಲಿ ಸವಕಳಿ ತೀವ್ರ, ಉಳಿದ ಎರಡರಲ್ಲಿ ಅಲ್ಪ.

## ಹಂತ 6: ವರ್ಗ ಕಟ್ಟುವುದು

ನಾನು ಬಳಸುವ ಮಿತಿಗಳು ಕೆಳಗಿವೆ. ಬೇರೆ ಬೇರೆ ಕೈಪಿಡಿಗಳಲ್ಲಿ ಇವು ಸ್ವಲ್ಪ ಆಚೀಚೆ ಇರುತ್ತವೆ. ಯಾವುದನ್ನು ಹಿಡಿದರೂ ಇಡೀ ಜಮೀನಿಗೆ ಅದನ್ನೇ ಹಿಡಿಯಿರಿ.

| ವರ್ಗ | ಇಳಿಜಾರು (ಶೇ.) | ಆಳ (ಸೆಂ.ಮೀ.) | ಸವಕಳಿ |
|---|---|---|---|
| 1 | 0–1 | 90ಕ್ಕಿಂತ ಹೆಚ್ಚು | ಅಲ್ಪ |
| 2 | 1–3 | 45–90 | ಅಲ್ಪ |
| 3 | 3–5 | 22.5–45 | ಮಧ್ಯಮ |
| 4 | 5–10 | 7.5–22.5 | ತೀವ್ರ |
| 6 | 10–25 | 7.5ಕ್ಕಿಂತ ಕಡಿಮೆ | ಅತಿ ತೀವ್ರ |
| 7 | 25–50 | – | – |
| 8 | 50ಕ್ಕಿಂತ ಹೆಚ್ಚು, ಬರಿ ಬಂಡೆ | – | – |

5ನೇ ವರ್ಗ ಈ ಏಣಿಯಲ್ಲಿ ಬರುವುದಿಲ್ಲ. ಅದು ಹೆಚ್ಚುಕಡಿಮೆ ಸಮತಟ್ಟಾದ, ಆದರೆ ಜೌಗು ಅಥವಾ ಕಲ್ಲಿನಿಂದ ಉಳಲಾಗದ ನೆಲಕ್ಕೆ.

ಪ್ರತಿ ತುಂಡಿನ ನಾಲ್ಕು ಅಳತೆಗೂ ಬಿಡಿಬಿಡಿಯಾಗಿ ವರ್ಗ ಬರೆಯಿರಿ. ಅವುಗಳಲ್ಲಿ ಅತಿ ಕೆಟ್ಟದ್ದೇ ಆ ತುಂಡಿನ ವರ್ಗ. ಸರಾಸರಿ ತೆಗೆಯಬಾರದು. ಆಳ ಚೆನ್ನಾಗಿದೆ ಅಂತ ಇಳಿಜಾರಿಗೆ ರಿಯಾಯಿತಿ ಕೊಡಬಾರದು. ಮಳೆ ನೀರು ಸರಾಸರಿ ನೋಡಿ ಹರಿಯುವುದಿಲ್ಲ.

ನೆತ್ತಿ: ಇಳಿಜಾರಿನಿಂದ 7, ಆಳದಿಂದ 4, ಸವಕಳಿಯಿಂದ 4. ಹಾಗಾಗಿ 7.
ಹುರುಳಿ ತುಂಡು: ಇಳಿಜಾರು 4, ಆಳ 3, ಸವಕಳಿ 3. ಹಾಗಾಗಿ 4.
ರಾಗಿ ತುಂಡು: ಇಳಿಜಾರು 2, ಆಳ 2, ಸವಕಳಿ 1. ಹಾಗಾಗಿ 2.
ತಗ್ಗು: ಇಳಿಜಾರು 2, ಆಳ 1, ಸವಕಳಿ 1, ಬಸಿಯುವಿಕೆ 3. ಹಾಗಾಗಿ 3.

ವರ್ಗದ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ಸರ್ವೆ ನಕ್ಷೆಗಳಲ್ಲಿ ಸವಕಳಿಯ ಭಯಕ್ಕೆ ಇ, ಮಣ್ಣಿನ ಕೊರತೆಗೆ ಎಸ್, ನೀರು ನಿಲ್ಲುವುದಕ್ಕೆ ಡಬ್ಲ್ಯೂ ಎಂಬ ಇಂಗ್ಲಿಷ್ ಅಕ್ಷರ ಹಾಕುತ್ತಾರೆ. ಇಳಿಜಾರಿನ ತೊಂದರೆ ಸವಕಳಿಯ ಲೆಕ್ಕಕ್ಕೇ ಸೇರುತ್ತದೆ. ನೀವು ಕನ್ನಡದಲ್ಲೇ "4, ಸವಕಳಿ", "3, ನೀರು" ಅಂತ ಬರೆದರೆ ಸಾಕು. ಕಾರಣ ಇಲ್ಲದ ಅಂಕಿಯಿಂದ ಮುಂದೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

## ಹಂತ 7: ಮರುಪರೀಕ್ಷೆ

ಮಿತಿಯ ಗೆರೆಗೆ ಹತ್ತಿರ ಬಂದ ಅಂಕಿಗಳನ್ನು ಮತ್ತೆ ಅಳೆಯಿರಿ. ಇಳಿಜಾರು ಶೇಕಡಾ 4.8, ಆಳ 44 ಸೆಂಟಿಮೀಟರ್, ಇಂಥವು. ಎರಡನೆಯ ಸಲವೂ ಗೆರೆಯ ಮೇಲೇ ಬಂದರೆ ಕೆಟ್ಟ ವರ್ಗವನ್ನೇ ಇಟ್ಟುಕೊಳ್ಳಿ. ಒಂದೇ ತುಂಡಿನ ಎರಡು ಗುಂಡಿಗಳ ನಡುವೆ 20 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತುಂಡು ಮಾಡಿದ್ದೇ ತಪ್ಪಾಗಿದೆ. ಮೂರನೇ ಗುಂಡಿ ತೋಡಿ ಗೆರೆಯನ್ನು ಸರಿಸಿ. ಎಲ್ಲ ಮುಗಿದ ಮೇಲೆ ಗುಂಡಿಗಳನ್ನು ಮರೆಯದೆ ಮುಚ್ಚಿ. ದನ, ಮಕ್ಕಳು ಓಡಾಡುವ ಜಾಗ.

ವರ್ಗ ಬದಲಾಗುವುದು ಶಾಶ್ವತ ಕೆಲಸ ಆದಾಗ ಮಾತ್ರ. ತಗ್ಗಿನಲ್ಲಿ ಬಸಿಗಾಲುವೆ ತೆಗೆದು ಎರಡು ಮಳೆಗಾಲ ಕಳೆದ ಮೇಲೆ ನೀರಿನ ಪರೀಕ್ಷೆ ಮತ್ತೆ ಮಾಡಬೇಕು. ಗೋಡೆಯ ಬೂದು ಬಣ್ಣ ಬೇಗ ಹೋಗುವುದಿಲ್ಲ, ಆಗ ಅದನ್ನು ನೋಡಿ ಹೆದರಬೇಡಿ. ಮಳೆಯಾದ ಎಷ್ಟು ದಿನಕ್ಕೆ ಕಾಲು ಹೂಳುವುದು ನಿಂತಿತು ಎಂಬುದೇ ಆಗಿನ ಅಳತೆ.

ಆ 2 ಎಕರೆ 10 ಗುಂಟೆಯಲ್ಲಿ ಯಜಮಾನರು ಮೂರು ಬದಲಾವಣೆ ಮಾಡಿದರು. ನೆತ್ತಿಯ 18 ಗುಂಟೆಗೆ ನೇಗಿಲು ನಿಲ್ಲಿಸಿ ಹೊಂಗೆ, ಬಿದಿರು ಇಟ್ಟರು. ಹುರುಳಿ ತುಂಡಿನಲ್ಲಿ ಸಮಪಾತಳಿಯ ಬದುಗಳ ನಡುವೆ ಮೇವಿನ ಹುಲ್ಲಿನ ಪಟ್ಟಿ ಹಾಕಿ, ಉಳಿದ ಜಾಗವನ್ನು ಇಳಿಜಾರಿಗೆ ಅಡ್ಡಲಾಗಿ ಉತ್ತರು. ತೆಂಗಿನ ಸಸಿಗಳನ್ನು ತಗ್ಗಿನಿಂದ ಕಿತ್ತು ರಾಗಿ ತುಂಡಿನ ಅಂಚಿಗೆ ಸಾಗಿಸಿದರು. ಬಸಿಗಾಲುವೆಗೆ ಸುಣ್ಣದ ಗುರುತು ಹಾಕಿದ್ದೇವೆ. ಈ ಬೇಸಿಗೆಯಲ್ಲಿ ತೋಡಬೇಕು.